ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಬಹಿರಂಗ ಪತ್ರ: ಎರಡು ನಿಮಿಷದ ಮಾತು, ಅದರಲ್ಲಿ ಹಿಡಿಯದ ಹಸಿಕಸದ ಲೆಕ್ಕ

ಅಧ್ಯಕ್ಷರಿಗೆ, ಸೆಕ್ರೆಟರಿ ಅಕ್ಕನಿಗೆ, ಟ್ರೆಷರರ್ ಇಚ್ಚನಿಗೆ, ಮತ್ತೆ ನಮ್ಮ 40 ಮನೆಯ ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಜನರಲ್ ಬಾಡಿ ಉಂಟು, ನೋಟಿಸಲ್ಲಿ ಲಿಫ್ಟು, ಪೇಂಟಿಂಗು, ಪಾರ್ಕಿಂಗು ಎಲ್ಲ ಆದ ಮೇಲೆ ಕೊನೆಗೆ "ಇತರ ವಿಷಯ, ತಲಾ ಎರಡು ನಿಮಿಷ" ಅಂತ ಹಾಕಿದ್ದಾರೆ. ನಮ್ಮ ಮೀಟಿಂಗಲ್ಲಿ ಆ ಎರಡು ನಿಮಿಷಕ್ಕೆ ಎಂತ ಗತಿ ಆಗ್ತದೆ ಅಂತ ಎಲ್ಲರಿಗೂ ಗೊತ್ತುಂಟು, ಒಂದು ನಿಮಿಷ ಆಗುವಾಗ ಯಾರೋ ಪುನಃ ಪಾರ್ಕಿಂಗ್ ವಿಷಯ ಎತ್ತುತ್ತಾರೆ, ಇನ್ನೊಬ್ಬರು ಚಾ ಬಂತಾ ಕೇಳ್ತಾರೆ. ಅದಕ್ಕೆ ನಾನು ಹೇಳ್ಲಿಕ್ಕಿರುವ ಮಾತನ್ನು ಇದ್ದ ಹಾಗೆ ಇಲ್ಲಿ ಮೊದಲೇ ಬರೆದು ಹಾಕ್ತೇನೆ, ಅದರ ಕೆಳಗೆ ನೀವು ಕೇಳ್ಬಹುದಾದ ಪ್ರಶ್ನೆಗಳಿಗೆ ಸ್ವಲ್ಪ ಉದ್ದದ ಉತ್ತರ. ಓದಿ ಬಂದ್ರೆ ಭಾನುವಾರ ನೇರ ಕೈ ಎತ್ತಿಸ್ಲಿಕ್ಕೆ ಆಗ್ತದೆ.

ಮಾತು ಇದು:

"ಎಲ್ಲರಿಗೂ ನಮಸ್ಕಾರ. ನಮ್ಮ 40 ಮನೆಯಿಂದ ದಿನಕ್ಕೆ ಹತ್ತಿರ ಹತ್ತಿರ 25 ಕೆಜಿ ಹಸಿಕಸ ಬರ್ತದೆ. ಪ್ಲಾಸ್ಟಿಕ್ ತಗೊಂಡು ಹೋಗ್ಲಿಕ್ಕೆ ಹರಿತ ಕರ್ಮಸೇನೆಯ ಅಕ್ಕಂದಿರು ಬರ್ತಾರೆ, ಹಸಿಕಸ ಅವರು ತಗೊಳ್ಳುವುದಿಲ್ಲ, ಅದು ಅವರ ಕೆಲಸ ಅಲ್ಲ. ಅದನ್ನು ನಾವು ತಿಂಗಳಿಗೆ ದುಡ್ಡು ಕೊಟ್ಟು ಒಬ್ಬರ ಪಿಕಪ್ಪಿಗೆ ಹಾಕ್ತೇವೆ, ಅದು ಎಲ್ಲಿಗೆ ಹೋಗ್ತದೆ ಅಂತ ಈ ರೂಮಲ್ಲಿ ಯಾರಿಗೂ ಗೊತ್ತಿಲ್ಲ. ಜೂನಲ್ಲಿ ಮಳೆ ಜೋರಾದ ಕೂಡ್ಲೆ ಆ ಗಾಡಿ ಬರುವುದು ಬಿಡ್ತದೆ, ಡ್ರಮ್ಮು ಗೇಟಿನ ಹತ್ರ ತುಂಬಿ ಚೆಲ್ಲಿ ಹುಳ ಹಿಡಿಯುವುದು ನಾವೆಲ್ಲ ನೋಡಿದ್ದೇವೆ.

ನಾನು ಕೇಳುವುದು ಇಷ್ಟು. ಹಿಂಬದಿಯ ಕಂಪೌಂಡಿನ ಹತ್ರ ಜನರೇಟರ್ ಆಚೆ ಖಾಲಿ ಬಿದ್ದ ಜಾಗದಲ್ಲಿ ಮಾಡಿನ ಅಡಿಗೆ ಹಸಿಕಸವನ್ನು ಗೊಬ್ಬರ ಮಾಡುವ ಐದು ತುಂಬೂರ್ಮುಳಿ ಬಿನ್ ಕಟ್ಟುವ. ದಿನಕ್ಕೆ ಮುಕ್ಕಾಲು ಗಂಟೆ ಅದನ್ನು ನೋಡ್ಲಿಕ್ಕೆ ಒಬ್ಬರನ್ನು ಸರಿಯಾದ ಸಂಬಳ ಕೊಟ್ಟು ಇಡುವ, ಸೆಕ್ಯುರಿಟಿಯವರ ತಲೆಗೆ ಕಟ್ಟುವುದು ಬೇಡ. ಮತ್ತೆ ಡಿಸೆಂಬರಿಂದಲೇ ತರಗೆಲೆ ಗೋಣಿಯಲ್ಲಿ ತುಂಬಿಡ್ಲಿಕ್ಕೆ ಶುರು ಮಾಡುವ, ಯಾಕಂದ್ರೆ ಮಳೆಗಾಲಕ್ಕೆ ಬೇಕಾದ ತರಗೆಲೆ ಮಳೆಗಾಲದಲ್ಲಿ ಸಿಗುವುದಿಲ್ಲ.

ಮನೆಯವರಿಗೆ ಕೆಲಸ ಎರಡೇ. ಹಸಿಕಸದ ಬಕೆಟಿಗೆ ಪ್ಲಾಸ್ಟಿಕ್ ಹಾಕ್ಬಾರ್ದು, ಸಾಂಬಾರು ಗಂಜಿ ನೀರು ಸೋಸಿ ಹಾಕ್ಬೇಕು. ವಾಸನೆ ಬಂದ್ರೆ ಎಂತ ಅಂತ ಕೇಳ್ತೀರಿ. ವಾಸನೆ ಬಂದ್ರೆ ಅದಕ್ಕೆ ಕಾರಣ ಉಂಟು, ಕಾರಣಕ್ಕೆ ಮದ್ದು ಉಂಟು, ಅದನ್ನು ಬರೆದು ಕೊಟ್ಟಿದ್ದೇನೆ. ಮೊದಲು ಒಂದೇ ಬಿನ್ ಕಟ್ಟಿ ಬಿ ಬ್ಲಾಕಿನ ಕಸ ಮಾತ್ರ ಹಾಕಿ ನೋಡುವ. ಮಾರ್ಚಿಗೆ ಅದರ ಎದುರು ನಿಂತು ಮೂಸಿ ನೋಡಿ, ಆಮೇಲೆ ಬಾಕಿ ನಾಲ್ಕಕ್ಕೆ ವೋಟ್ ಹಾಕಿ. ಇವತ್ತು ಒಂದು ಬಿನ್ನಿಗೆ ಮತ್ತೆ ತರಗೆಲೆಗೆ ಒಪ್ಪಿಗೆ ಕೊಡಿ ಸಾಕು."

ಇಷ್ಟೇ. ನಿಧಾನ ಓದಿದ್ರೂ ಎರಡು ನಿಮಿಷದ ಆಸುಪಾಸು, ಸೆಕ್ರೆಟರಿ ಅಕ್ಕ ಮೊಬೈಲಲ್ಲಿ ಟೈಮ್ ಇಟ್ಟು ನೋಡ್ಬಹುದು.

ಈಗ ಮಾತಲ್ಲಿ ಹಿಡಿಯದ್ದು. ಮೊದಲು ಈ ತುಂಬೂರ್ಮುಳಿ ಅಂದ್ರೆ ಎಂತ ಅಂತ. ಅದು ತೃಶೂರು ಜಿಲ್ಲೆಯಲ್ಲಿ ಅದಿರಪ್ಪಿಳ್ಳಿ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು, ಅಲ್ಲಿ ಕೇರಳದ ಪಶುವೈದ್ಯ ವಿಶ್ವವಿದ್ಯಾಲಯದ ದನದ ಫಾರ್ಮ್ ಉಂಟು, ಈ ಕ್ರಮ ಅಲ್ಲಿಂದ ಬಂದದ್ದು, ಆ ಹೆಸರೇ ನಿಂತಿತು. ಬಿನ್ ಅಂದ್ರೆ 4 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಒಂದು ಪೆಟ್ಟಿಗೆ. ನಾಲ್ಕು ಬದಿಯ ಗೋಡೆಯಲ್ಲೂ ಸಂದು ಬಿಟ್ಟಿರ್ತಾರೆ, ಫೆರೊಸಿಮೆಂಟ್ ಪಟ್ಟಿ ಇಟ್ಟಾದ್ರೂ ಮಾಡ್ಬಹುದು, ಇಟ್ಟಿಗೆಯನ್ನು ಸಂದು ಬಿಟ್ಟು ಕಟ್ಟಿಯಾದ್ರೂ ಮಾಡ್ಬಹುದು. ಅಡಿಗೆ ಸೆಗಣಿ, ಅದರ ಮೇಲೆ ತರಗೆಲೆ, ಅದರ ಮೇಲೆ ಕಸ, ಪುನಃ ಸೆಗಣಿ ಪುನಃ ತರಗೆಲೆ, ಹೀಗೆ ಪದರ ಪದರವಾಗಿ ಮೇಲೆ ಬರುವುದು. ತುಂಬಿದ ಮೇಲೆ 90 ದಿನ ಮುಟ್ಟದೆ ಬಿಡುವುದು. ಮಗುಚುವ ಕೆಲಸ ಇಲ್ಲ, ಕರೆಂಟ್ ಇಲ್ಲ.

ಮಗುಚದೆ ಹೇಗೆ ಆಗ್ತದೆ ಅಂದ್ರೆ ಇದರ ಗುಟ್ಟೆಲ್ಲ ಆ ಸಂದಿನಲ್ಲಿ ಉಂಟು. ಕಸ ಕೊಳೆಯುವಾಗ ನಡು ಭಾಗ ಬಿಸಿ ಆಗ್ತದೆ, 60 ಡಿಗ್ರಿ ದಾಟ್ತದೆ, ಬಿಸಿ ಗಾಳಿ ಮೇಲಿಂದ ಹೊರಗೆ ಹೋಗ್ತದೆ, ಅದು ಹೋದ ಜಾಗಕ್ಕೆ ಬದಿಯ ಸಂದಿಂದ ಹೊಸ ಗಾಳಿ ತಾನಾಗಿ ಎಳ್ಕೊಂಡು ಬರ್ತದೆ. ಗಾಳಿ ಸಿಕ್ಕಿದ್ರೆ ಗಾಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೆಲಸ ಮಾಡ್ತವೆ, ಅವು ಬಿಡುವುದು ಬಿಸಿ, ನೀರಾವಿ ಮತ್ತೆ ಕಾರ್ಬನ್ ಡೈಆಕ್ಸೈಡು, ಅದಕ್ಕೆ ವಾಸನೆ ಇಲ್ಲ. ಗಾಳಿ ಸಿಗದಿದ್ರೆ ಬೇರೆ ಜಾತಿಯವು ಬರ್ತವೆ, ನಮ್ಮ ಗೇಟಿನ ಹತ್ರದ ಡ್ರಮ್ಮಿನಲ್ಲಿ ಇರುವುದು ಅವೇ. ಅಂದ್ರೆ ವಾಸನೆ ಬರುವುದು ಕಸ ಇದ್ದದ್ದಕ್ಕಲ್ಲ, ಕಸವನ್ನು ಮುಚ್ಚಳ ಹಾಕಿ ಉಸಿರು ಕಟ್ಟಿಸಿ ಇಟ್ಟದ್ದಕ್ಕೆ. ಆ ಬಿಸಿಗೆ ಇನ್ನೊಂದು ಪ್ರಯೋಜನ ಉಂಟು, 55 ಡಿಗ್ರಿಯಲ್ಲಿ ಮೂರು ದಿನ ನಿಂತ್ರೆ ರೋಗಾಣುಗಳು, ಕಳೆ ಬೀಜ, ನೊಣದ ಮೊಟ್ಟೆ ಬಹುಪಾಲು ಸಾಯ್ತವೆ. ಅದಕ್ಕೇ ನಮ್ಮ ಊರಿಗೆ ಇದು ಸರಿ ಅಂತ ನಾನು ಹೇಳುವುದು, ನಮ್ಮಲ್ಲಿ ಮೀನಿಲ್ಲದ ಮನೆ ಎಷ್ಟುಂಟು ಹೇಳಿ. ಬೂತಾಯಿಯ ತಲೆ, ಸಿಗಡಿಯ ಸಿಪ್ಪೆ, ಕೋಳಿಯ ಚರ್ಮ ಇದೆಲ್ಲ ಮನೆಯೊಳಗಿನ ಸಣ್ಣ ಕಂಪೋಸ್ಟ್ ಡಬ್ಬಕ್ಕೆ ಹಾಕಿದ್ರೆ ಎರಡನೇ ದಿನ ಡಬ್ಬವನ್ನೇ ಬಿಸಾಡ್ಬೇಕಾಗ್ತದೆ. ಇಲ್ಲಿ ಅದನ್ನು ಬಿನ್ನಿನ ನಡುವಿಗೆ ಹಾಕಿ ಮೇಲಿಂದ ಸೆಗಣಿ, ತರಗೆಲೆ ದಪ್ಪ ಮುಚ್ಚಿದ್ರೆ ಆಯ್ತು. ಗೋಡೆಯ ಬದಿಗೆ ಮಾತ್ರ ಹಾಕ್ಬಾರ್ದು, ಅಲ್ಲಿ ಬಿಸಿ ಕಮ್ಮಿ, ಬೆಕ್ಕಿನ ಕೈ ಸಂದಿಗೆ ಬರ್ತದೆ.

ಈಗ ನಮ್ಮ ಲೆಕ್ಕ. ಗೇಟಿನ ಡ್ರಮ್ಮನ್ನು ಒಂದು ವಾರ ತೂಕ ಮಾಡಿಸಿ ನೋಡಿದ್ದು, ಒಂದು ಮನೆಗೆ ಸರಾಸರಿ 600 ಗ್ರಾಮಿನ ಆಸುಪಾಸು ಬಂತು, ಭಾನುವಾರ ಜಾಸ್ತಿ, ಹಬ್ಬದ ಮರುದಿನ ಇನ್ನೂ ಜಾಸ್ತಿ. 40 ಮನೆಗೆ 24 ಅಥವಾ 25 ಕೆಜಿ ಅಂತ ಇಟ್ಕೊಳ್ಳಿ. ಒಂದು ಬಿನ್ನಿನ ಒಳಗೆ 64 ಘನ ಅಡಿ ಜಾಗ, ಅಂದ್ರೆ ಹತ್ತಿರ 1,800 ಲೀಟರ್. ದಿನದ 25 ಕೆಜಿ ಕಸ ಹರಡಿದ್ರೆ ಬರೀ ಎರಡು ಬೆರಳು ದಪ್ಪ ಆಗ್ತದೆ, ಅದರ ಮೇಲೆ ತರಗೆಲೆ. ಹಾಕ್ತಾ ಹೋದ ಹಾಗೆ ಅಡಿಯದ್ದು ಕುಸಿಯುತ್ತಾ ಇರ್ತದೆ, ಸಂಜೆ ತುಂಬಿದ ಹಾಗೆ ಕಂಡದ್ದು ಎರಡು ದಿನ ಬಿಟ್ಟು ನೋಡಿದ್ರೆ ಗೇಣು ಕೆಳಗೆ ಹೋಗಿರ್ತದೆ. ಒಂದು ಬಿನ್ನಿಗೆ ಎರಡು ಟನ್ ಹಿಡೀತದೆ ಅಂತ ಹೇಳ್ತಾರೆ, ನಾನು ಅದನ್ನು ನಂಬಿ ಲೆಕ್ಕ ಹಾಕ್ಲಿಲ್ಲ, ಒಂದು ಬಿನ್ ಒಂದು ತಿಂಗಳಿಗೆ ತುಂಬ್ತದೆ ಅಂತ ಹಿಡ್ಕೊಂಡೆ, ಅಂದ್ರೆ 750 ಕೆಜಿ ಕಸ. ಒಂದು ತುಂಬುವಾಗ ಮೂರು ಬಿನ್ 90 ದಿನದ ಕಾಯುವಿಕೆಯಲ್ಲಿ ಇರ್ತವೆ, ಅಲ್ಲಿಗೆ ನಾಲ್ಕು. ಐದನೆಯದ್ದು ಹಬ್ಬಕ್ಕೆ, ಹಲಸಿನ ಸೀಸನಿಗೆ, ಯಾವುದಾದ್ರೂ ಒಂದು ಕೆಟ್ಟು ಕೂತಾಗ. ಐದನೆಯದ್ದು ಬೇಡ, ಖರ್ಚು ಉಳಿಸುವ ಅಂತ ಟ್ರೆಷರರ್ ಇಚ್ಚ ಹೇಳೇ ಹೇಳ್ತಾರೆ, ದಯವಿಟ್ಟು ಆ ಒಂದರಲ್ಲಿ ಮಾತ್ರ ಚೌಕಾಶಿ ಮಾಡ್ಬೇಡಿ ಇಚ್ಚ. ಎಲ್ಲ ಬಿನ್ ತುಂಬಿ ಕಸ ಹಾಕ್ಲಿಕ್ಕೆ ಜಾಗ ಇಲ್ಲದ ದಿನ ಯಾರಾದ್ರೂ ಒಬ್ಬರು ಪುನಃ ಡ್ರಮ್ ತಂದಿಡ್ತಾರೆ, ಒಮ್ಮೆ ಬಂದ ಡ್ರಮ್ ಮತ್ತೆ ಹೋಗುವುದಿಲ್ಲ.

ಇನ್ನು ನಿಜವಾದ ಕಷ್ಟದ ವಿಷಯಕ್ಕೆ ಬರ್ತೇನೆ. ಈ ಸ್ಕೀಮ್ ಸೋಲುವುದಿದ್ರೆ ತರಗೆಲೆಯಲ್ಲಿ ಸೋಲ್ತದೆ.

ಊಟದ ಕಸದಲ್ಲಿ ಮುಕ್ಕಾಲು ಪಾಲು ನೀರು. ಅಲ್ಲದೆ ಅದರಲ್ಲಿ ಸಾರಜನಕ ಜಾಸ್ತಿ, ಮೀನಿದ್ರೆ ಇನ್ನೂ ಜಾಸ್ತಿ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು, ಊಟದ ಕಸದಲ್ಲಿ ಅದು 15ರ ಹತ್ರ ಮಾತ್ರ ಇರ್ತದೆ. ತರಗೆಲೆಯಲ್ಲಿ ಇಂಗಾಲ ಧಾರಾಳ, ಅದು ಒಣಗಿದ್ದು ಬೇರೆ, ಹಾಗಾಗಿ ಒಂದೇ ಏಟಿಗೆ ನೀರನ್ನೂ ಹೀರ್ತದೆ, ಲೆಕ್ಕವನ್ನೂ ಸರಿ ಮಾಡ್ತದೆ, ನಡುವೆ ಗಾಳಿಗೆ ಜಾಗವನ್ನೂ ಇಡ್ತದೆ. 25 ಕೆಜಿ ಕಸಕ್ಕೆ ಸುಮಾರು 8 ಕೆಜಿ ಒಣಗಿದ ತರಗೆಲೆ ಹಾಕಿದ್ರೆ ನೀರಿನ ಅಂಶ 60 ಪರ್ಸೆಂಟಿಗೆ ಬಂದು ನಿಲ್ತದೆ, ಇಂಗಾಲದ ಲೆಕ್ಕವೂ 25 ದಾಟ್ತದೆ. 8 ಕೆಜಿ ಅಂದ್ರೆ ಸಣ್ಣದು ಅಂತ ಕಾಣ್ಬಹುದು, ತರಗೆಲೆ ಹಗುರ ಮಾರಾಯ್ರೆ, ಗೋಣಿಗೆ ತುಳಿದು ತುಂಬಿಸಿದ್ರೂ ಐದಾರು ಕೆಜಿ ಹಿಡೀತದೆ ಅಷ್ಟೆ. ದಿನಕ್ಕೆ ಒಂದೂವರೆ ಗೋಣಿ. ಜೂನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳಿಗೆ ಒಂದು ಟನ್ನಿನ ಹತ್ರ, ಅಂದ್ರೆ 160ರಿಂದ 190 ಗೋಣಿ.

ಅಷ್ಟು ಗೋಣಿ ಇಡ್ಲಿಕ್ಕೆ ನಮ್ಮಲ್ಲಿ ಜಾಗ ಇಲ್ಲ, ಅದನ್ನು ಒಪ್ಪಿಕೊಂಡೇ ಪ್ಲಾನ್ ಮಾಡ್ಬೇಕು. ನಮ್ಮೂರಿನ ಮಳೆ ಎಂಥದ್ದು ಅಂತ ಬೇರೆ ಹೇಳ್ಬೇಕಾ, ಆಟಿಯಲ್ಲಿ ಬಟ್ಟೆ ಒಣಗುವುದಿಲ್ಲ, ತರಗೆಲೆ ಎಲ್ಲಿ ಒಣಗಬೇಕು. ನಮ್ಮ ನಗರದಲ್ಲೇ ಪರಿಚಯದವರ ಒಂದು ಅಪಾರ್ಟ್‌ಮೆಂಟಲ್ಲಿ ಫೆಬ್ರವರಿಯಲ್ಲಿ ಬಿನ್ ಶುರು ಮಾಡಿದ್ರು, ಮೇ ತನಕ ಬಹಳ ಚಂದ ನಡೆಯಿತು, ನೆಂಟರಿಗೆಲ್ಲ ಕರ್ಕೊಂಡು ಹೋಗಿ ತೋರಿಸ್ತಿದ್ರು. ಜೂನಿನಲ್ಲಿ ತರಗೆಲೆ ಮುಗಿಯಿತು. ಎರಡು ದಿನಕ್ಕೆ ಎಂತ ಆಗ್ತದೆ ಅಂತ ಕಸದ ಮೇಲೆ ಕಸ ಹಾಕಿದ್ರು, ಎರಡು ದಿನ ಹತ್ತು ದಿನ ಆಯ್ತು. ಮೊದಲು ಅಡಿಯಿಂದ ಕಪ್ಪು ನೀರು ಬಂತು, ಆಮೇಲೆ ಕೊಳೆತ ಮೊಟ್ಟೆಯ ವಾಸನೆ, ಆಮೇಲೆ ಬಿಳಿ ಹುಳ ಸಂದಿಂದ ಇಳಿದು ಗ್ರೌಂಡ್ ಫ್ಲೋರಿನವರ ಮೆಟ್ಟಿಲಿಗೆ ಬಂತು. ಈಗ ಆ ಬಿನ್ನಿನಲ್ಲಿ ಮುರಿದ ಪ್ಲಾಸ್ಟಿಕ್ ಕುರ್ಚಿ ಉಂಟು. ಅಲ್ಲಿನವರನ್ನು ಕೇಳಿದ್ರೆ ಕಂಪೋಸ್ಟ್ ನಮ್ಮ ಹವಾಮಾನಕ್ಕೆ ಆಗುವುದಿಲ್ಲ ಅಂತಾರೆ, ಅಲ್ಲಿ ತಪ್ಪಿದ್ದು ಹವಾಮಾನ ಅಲ್ಲ, ಸ್ಟಾಕು.

ನಾನು ನೋಡಿದ ದಾರಿ ಇದು. ಅರ್ಧ ತರಗೆಲೆ, ಅರ್ಧ ಬೇರೆ ಒಣ ಸಾಮಾನು. ಡಿಸೆಂಬರಿಂದ ಏಪ್ರಿಲ್ ತನಕ ನಮ್ಮ ಕಂಪೌಂಡಿನ ಮಾವು, ಹಲಸು, ರಸ್ತೆ ಬದಿಯ ಮರದ್ದು ಎಲ್ಲ ಸೇರಿಸಿ 80 ಗೋಣಿ ಮಾಡ್ಬಹುದು, ಈಗ ಅದನ್ನು ಗುಡಿಸಿ ಬೆಂಕಿ ಕೊಡ್ತೇವೆ. ಉಳಿದ ಅರ್ಧಕ್ಕೆ ತೆಂಗಿನ ನಾರಿನ ಹುಡಿ. ಅದು ಇಟ್ಟಿಗೆಯ ಹಾಗೆ ಒತ್ತಿದ ಐದು ಕೆಜಿಯ ಕಟ್ಟು ಸಿಗ್ತದೆ, ಸಣ್ಣ ಜಾಗದಲ್ಲಿ ಅಟ್ಟಿ ಇಡ್ಬಹುದು, ನೀರು ಹೀರುವುದರಲ್ಲಿ ತರಗೆಲೆಗಿಂತ ಜೋರು. ನೀರು ಹಾಕಿ ಅರಳಿಸ್ಬೇಡಿ, ಒಣಗಿದ್ದನ್ನೇ ಪುಡಿ ಮಾಡಿ ಹಾಕ್ಬೇಕು, ಕಸದ ನೀರನ್ನು ಅದು ಕುಡೀಲಿ. ಬರೀ ನಾರಿನ ಹುಡಿಯಿಂದಲೇ ನಡೆಸ್ಲಿಕ್ಕೆ ಆಗುವುದಿಲ್ಲ, ಅದು ಒತ್ತಿ ಕೂತ್ರೆ ಗಾಳಿಗೆ ದಾರಿ ಇಲ್ಲ, ಅದಕ್ಕೆ ತರಗೆಲೆಯೊಟ್ಟಿಗೆ ಬೆರೆಸುವುದು. ಮರದ ಮಿಲ್ಲಿನ ಹುಡಿಯೂ ಆಗ್ತದೆ, ಬಣ್ಣ ಹಾಕಿದ ಪ್ಲೈವುಡ್ಡಿನದ್ದು ಬೇಡ. ತೆಂಗಿನ ಗರಿ ಮಾತ್ರ ತಂದು ತುರುಕಬೇಡಿ, ಅದು 90 ದಿನಕ್ಕೆ ಕರಗುವ ಜಾತಿ ಅಲ್ಲ, ಅದಕ್ಕೆ ಎರೆಹುಳದ ಬೇರೆ ಕ್ರಮವೇ ಉಂಟು, ಕೂಡ್ಲಿನ ನಮ್ಮ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿದ್ದಾರೆ. ಇನ್ನೊಂದು, ಗೋಣಿಗಳನ್ನು ಬೇಸ್‌ಮೆಂಟಿನ ಕರೆಂಟ್ ಪ್ಯಾನೆಲ್ ಹತ್ರ ಅಟ್ಟುವ ಆಲೋಚನೆ ಯಾರಿಗಾದ್ರೂ ಬಂದ್ರೆ ಈಗಲೇ ಬಿಡಿ, ಒಣಗಿದ ತರಗೆಲೆ ಅದು, ಒಂದು ಕಿಡಿ ಸಾಕು. ಹಿಂದಿನ ಸೈಕಲ್ ಶೆಡ್ಡಿನಲ್ಲಿ ಟಾರ್ಪಾಲ್ ಹಾಕಿ ಇಡುವ.

ಸೆಗಣಿ ಎಷ್ಟು ಬೇಕು ಅಂತ ಲೆಕ್ಕ ಹಾಕುವಾಗ ನನಗೂ ತಲೆ ತಿರುಗಿತು. ಮೂಲ ಕ್ರಮದಲ್ಲಿ ಅಡಿಗೆ ಅರ್ಧ ಅಡಿ ದಪ್ಪ ಹಸಿ ಸೆಗಣಿ ಅಂತ ಉಂಟು, ನಮ್ಮ ಬಿನ್ನಿನ ಅಗಲಕ್ಕೆ ಅದು ಹತ್ತಿರ 200 ಕೆಜಿ ಆಗ್ತದೆ. ಮೊದಲನೇ ಬಿನ್ನಿಗೆ ಅಷ್ಟು ಹಾಕುವುದೇ ಒಳ್ಳೆದು, ಹಟ್ಟಿ ಇದ್ದವರಲ್ಲಿ ಹೇಳಿಟ್ರೆ ಗೂಡ್ಸ್ ಆಟೋದಲ್ಲಿ ಒಂದು ಲೋಡ್ ತಂದು ಹಾಕ್ತಾರೆ. ಮೇಲಿನ ಪದರಗಳಿಗೆ ಸೆಗಣಿಯನ್ನು ನೀರಲ್ಲಿ ಗಟ್ಟಿ ಕಲಸಿ ಚಿಮುಕಿಸಿದ್ರೆ ನಡೀತದೆ, ಸಿಗದ ದಿನ ಅಂಗಡಿಯಲ್ಲಿ ಸಿಗುವ, ಸೂಕ್ಷ್ಮಜೀವಿ ಇರುವ ಇನಾಕ್ಯುಲಂ ಹುಡಿ. ಎರಡನೇ ಸುತ್ತಿನಿಂದ ಸಲೀಸು, ಮೊದಲು ತೆಗೆದ ಗೊಬ್ಬರವನ್ನೇ ನಾಲ್ಕು ಬುಟ್ಟಿ ಉಳಿಸಿಕೊಂಡು ಹೊಸ ಬಿನ್ನಿಗೆ ಹಾಕ್ಬಹುದು, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಜಾಗದ ವಿಷಯ. ಹಿಂಬದಿ ಅಂದದ್ದು ಯಾಕಂದ್ರೆ ನಮ್ಮ ಬಾವಿ ಎದುರು ಬದಿಯಲ್ಲಿ ಉಂಟು. ನಮ್ಮದು ಮುರಕಲ್ಲಿನ ನೆಲ, ನೀರು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಬಿನ್ನಿನ ಅಡಿಯ ಕಪ್ಪು ನೀರು ಬಾವಿ ಕಡೆ ಹೋಗ್ಬಾರ್ದು. ಸರಿ ನಡೆದ್ರೆ ನೀರು ಇಳಿಯುವುದೇ ಕಮ್ಮಿ, ಆದ್ರೂ ನೆಲಕ್ಕೆ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ, ಒಂದು ಬದಿಗೆ ಇಳಿಜಾರು, ಅಲ್ಲಿ ಒಂದು ಸಣ್ಣ ಗುಂಡಿ, ಗುಂಡಿಗೆ ಬಂದ ನೀರನ್ನು ಪುನಃ ಬಿನ್ನಿನ ಮೇಲೆ ಹೊಯ್ಯುವುದು. ಮಾಡು ಶೀಟಿನದ್ದು ಸಾಕು, ಪಶ್ಚಿಮ ಬದಿಗೆ ಮಾತ್ರ ಮೂರಡಿ ಜಾಸ್ತಿ ಇಳಿಸ್ಬೇಕು. ಗಾಳಿ ಮಳೆ ಸಮುದ್ರದ ಕಡೆಯಿಂದ ಓರೆಗೆ ಹೊಡೆಯುವುದು, ಮೇಲಿನಿಂದ ಮುಚ್ಚಿ ಬದಿಯಿಂದ ನೆನೆಸಿದ್ರೆ ಎಂತ ಪ್ರಯೋಜನ. ಹೆಗ್ಗಣಕ್ಕೆ ಅಡಿಯಲ್ಲಿ, ಬೆಕ್ಕಿಗೆ ಬದಿಯಲ್ಲಿ ಸಣ್ಣ ಕಣ್ಣಿನ ಕಬ್ಬಿಣದ ಬಲೆ.

ದಿನದ ಕೆಲಸ ಹೇಳ್ತೇನೆ, ಸಂಬಳ ಎಷ್ಟಿರ್ಬೇಕು ಅಂತ ನೀವೇ ನಿರ್ಧರಿಸಿ. ಬೆಳಿಗ್ಗೆ ಎಂಟಕ್ಕೆ ಬಕೆಟ್‌ಗಳು ಕೆಳಗೆ ಬರ್ತವೆ. ಕೈಗವಸು ಹಾಕಿ ಹಾಲಿನ ತೊಟ್ಟೆ, ಬ್ಯಾಂಡೇಜು, ಡೈಪರ್ ಉಂಟಾ ನೋಡ್ಬೇಕು, ಇದ್ರೆ ಬಕೆಟ್ ವಾಪಸ್, ಬಾಯಿ ಮಾತಿಲ್ಲ, ಬಕೆಟಿನ ಮೇಲೆ ಫ್ಲಾಟ್ ನಂಬರ್ ಇರ್ತದೆ. ಗೆರಟೆ, ಮಾವಿನ ಗೊರಟು, ದೊಡ್ಡ ಎಲುಬು ಬದಿಗೆ, ಅವು ಬೇಗ ಕೊಳೆಯುವುದಿಲ್ಲ. ಹಲಸಿನ ಸಿಪ್ಪೆ, ಬಾಳೆದಿಂಡು ಕತ್ತಿಯಲ್ಲಿ ಬೆರಳುದ್ದಕ್ಕೆ ಕೊಚ್ಚಬೇಕು. ಹರಡ್ಬೇಕು, ಸೆಗಣಿ ನೀರು ಚಿಮುಕಿಸ್ಬೇಕು, ಕಸದ ಒಂದು ಚೂರೂ ಕಾಣದ ಹಾಗೆ ತರಗೆಲೆ ಮುಚ್ಚಬೇಕು. ಈ ಕೊನೆಯ ವಾಕ್ಯವನ್ನು ಗೋಡೆಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಪೇಂಟ್ ಮಾಡಿಸ್ಬೇಕು ಅಂತ ನನ್ನ ಅಭಿಪ್ರಾಯ, ನೊಣ ಮೊಟ್ಟೆ ಇಡುವುದು ಕಂಡ ಕಸದ ಮೇಲೆ, ಮುಚ್ಚಿದ್ದಕ್ಕೆ ಬರುವುದಿಲ್ಲ.

ಸರಿ ನಡೀತಾ ಉಂಟಾ ಅಂತ ತಿಳಿಯಲಿಕ್ಕೆ ಒಂದು ಕಬ್ಬಿಣದ ಸರಳು ಸಾಕು. ನಡುವಿಗೆ ಎರಡಡಿ ಇಳಿಸಿ ಹತ್ತು ನಿಮಿಷ ಬಿಟ್ಟು ಎಳೆದು ತುದಿಯನ್ನು ಮುಟ್ಟಿ ನೋಡುವುದು. ಶುರು ಮಾಡಿದ ಒಂದು ವಾರದೊಳಗೆ ಅದು ಹಿಡಿದುಕೊಳ್ಳಲಿಕ್ಕೆ ಆಗದಷ್ಟು ಬಿಸಿ ಇರ್ಬೇಕು. ತಣ್ಣಗಿದ್ರೆ ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದ್ರೆ ನೀರು ಸರಿ ಉಂಟು, ಸೆಗಣಿ ಸಾಲದು. ನೀರು ಧಾರೆಯಾಗಿ ಬಂದ್ರೆ ಒದ್ದೆ ಜಾಸ್ತಿ, ನಾರಿನ ಹುಡಿ ಹಾಕಿ ಕೋಲಿನಿಂದ ನಾಲ್ಕೈದು ಕಡೆ ತೂತು ಮಾಡ್ಬೇಕು. ಕೈಯಲ್ಲಿ ಉದುರಿ ಹೋದ್ರೆ ಒಣಗಿದೆ, ಏಪ್ರಿಲಲ್ಲಿ ಹಾಗೆ ಆಗ್ತದೆ, ನೀರು ಚಿಮುಕಿಸಿ. ಮೂಗು ಕೂಡ ಹೇಳ್ತದೆ. ಕಣ್ಣಿಗೆ ಉರಿಯುವ ಅಮೋನಿಯಾ ವಾಸನೆ ಬಂದ್ರೆ ಮೀನು, ಸೆಗಣಿ ಜಾಸ್ತಿ ಆಗಿದೆ, ತರಗೆಲೆ ಕಮ್ಮಿ ಆಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದ್ರೆ ಗಾಳಿ ಇಲ್ಲ. ಮೊದಲನೆಯದ್ದು ಒಂದೇ ದಿನದಲ್ಲಿ ಸರಿ ಆಗ್ತದೆ, ಎರಡನೆಯದ್ದಕ್ಕೆ ಮೇಲಿನ ಒಂದಡಿ ತೆಗೆದು ಒಣಗಿದ್ದರ ಜೊತೆ ಬೆರೆಸಿ ಪುನಃ ಹಾಕುವ ಕೆಲಸ ಬೀಳ್ತದೆ.

90 ದಿನ ಆದ ಮೇಲೆ ಬಿನ್ನಿನಿಂದ 200 ಕೆಜಿಯ ಹತ್ರ ಗೊಬ್ಬರ ಸಿಗ್ಬಹುದು. ಕಪ್ಪು ಮಿಶ್ರಿತ ಕಂದು, ಮೊದಲ ಮಳೆಯ ಮಣ್ಣಿನ ವಾಸನೆ, ಮುಟ್ಟಿದ್ರೆ ತಣ್ಣಗೆ. ಅನುಮಾನ ಇದ್ರೆ ಸ್ವಲ್ಪ ಒದ್ದೆ ಮಾಡಿ ಮುಚ್ಚಳದ ಡಬ್ಬಿಯಲ್ಲಿ ಮೂರ್ನಾಲ್ಕು ದಿನ ಇಟ್ಟು ತೆರೆದು ನೋಡಿ, ನಾತ ಬಂದ್ರೆ ಇನ್ನೂ ಆಗಿಲ್ಲ. ಇದನ್ನು ಮಾರಿ ಅಸೋಸಿಯೇಷನ್‌ಗೆ ಲಾಭ ಬರ್ತದೆ ಅಂತ ನಾನು ಹೇಳುವುದಿಲ್ಲ, ಹೇಳುವವರನ್ನು ನಂಬಲೂಬೇಡಿ. ಟೆರೇಸಿನ ಚಟ್ಟಿಗಳಿಗೆ ಎರಡು ಬುಟ್ಟಿ ಸಾಕು, ಅದನ್ನೂ ಒಂದು ಪಾಲಿಗೆ ಮೂರು ಪಾಲು ಮಣ್ಣು ಬೆರೆಸಿ ಹಾಕ್ಬೇಕು, ನಮ್ಮ ಅಡುಗೆಯ ಉಪ್ಪು ಅದರಲ್ಲಿ ಇರ್ತದೆ. ಉಳಿದದ್ದನ್ನು ಅಡಿಕೆ ತೋಟದವರು ಬಂದು ಕೊಂಡೊಯ್ಯಲಿ, ಬದಲಿಗೆ ಸೆಗಣಿ ತರಲಿ, ಅದೇ ನಮಗೆ ಒಳ್ಳೆ ವ್ಯಾಪಾರ.

ಮೆಷಿನ್ ತರುವ ಅಂತ ಮೂರನೇ ಮಹಡಿಯ ಇಚ್ಚ ಕಳೆದ ಸಲ ಹೇಳಿದ್ದು ನೆನಪುಂಟು, 24 ಗಂಟೆಯಲ್ಲಿ ಗೊಬ್ಬರ ಅಂತ ಬ್ರೋಶರ್ ಸಹ ತಂದಿದ್ರು. ಇಚ್ಚ, ಕರೆಂಟಲ್ಲಿ ಬಿಸಿ ಮಾಡಿ ಹುಡಿ ಮಾಡುವ ಆ ಜಾತಿಯ ಮೆಷಿನಿನಿಂದ ಹೊರಗೆ ಬರುವುದು ಒಣಗಿದ ಊಟ, ಗೊಬ್ಬರ ಅಲ್ಲ. ಅದಕ್ಕೆ ನೀರು ತಾಗಿದ್ರೆ ಪುನಃ ಕೊಳೀಲಿಕ್ಕೆ ಶುರು ಆಗ್ತದೆ, ಗಿಡದ ಬುಡಕ್ಕೆ ಹಾಕಿದ್ರೆ ಬೇರು ಸುಡ್ತದೆ. ಮತ್ತೆ ಹೇಗೂ ಅದನ್ನು ವಾರಗಟ್ಟಲೆ ಮಾಗಲು ಬಿಡ್ಬೇಕು, ಆ ಜಾಗದಲ್ಲಿ ಬಿನ್ನೇ ಕಟ್ಬಹುದಲ್ವಾ. ಬಯೋಗ್ಯಾಸ್ ಒಳ್ಳೆದೇ, ಗಂಜಿ ಸಾಂಬಾರಿಗೆ ಅದಕ್ಕಿಂತ ಒಳ್ಳೆದಿಲ್ಲ, ಆದ್ರೆ ದಿನಾ ಹೊರಬರುವ ಸ್ಲರಿಯನ್ನು ಮಳೆಗಾಲದಲ್ಲಿ ಎಲ್ಲಿ ಬಿಡುವುದು, ನಮಗೆ ತೋಟ ಇಲ್ಲ.

ಕಾನೂನು ಹೇಳಿ ಹೆದರಿಸ್ಲಿಕ್ಕೆ ನನಗೆ ಇಷ್ಟ ಇಲ್ಲ. 2016ರ ಘನತ್ಯಾಜ್ಯ ನಿಯಮದಲ್ಲಿ 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳು ಹಸಿಕಸವನ್ನು ಆದಷ್ಟು ತಮ್ಮ ಜಾಗದಲ್ಲೇ ಮುಗಿಸ್ಬೇಕು ಅಂತ ಬರೆದಿದ್ರು, ನಮ್ಮ ಬಿಲ್ಡಿಂಗ್ ಅಷ್ಟು ದೊಡ್ಡದಲ್ಲ. 2023ರ ಮಾರ್ಚಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಊರಿಗೆ ಊರೇ ಹೊಗೆ ಕುಡಿದದ್ದು ಟಿವಿಯಲ್ಲಿ ನೋಡಿದ್ದೇವೆ, ನಮ್ಮ ಪಿಕಪ್ಪಿನ ಕಸ ಯಾವ ರಾಶಿಗೆ ಹೋಗಿ ಬೀಳ್ತದೆ ಅಂತ ಪಿಕಪ್ಪಿನವರನ್ನೇ ಒಮ್ಮೆ ಕೇಳಿ ನೋಡಿ, ನಾನು ಕೇಳಿದಾಗ ನಗಾಡಿದ್ರು.

ಭಾನುವಾರ ವೋಟಿಗೆ ಇಡುವುದು ಇಷ್ಟು. ಡಿಸೆಂಬರಲ್ಲಿ ಒಂದು ಬಿನ್, ಅದರ ಕಟ್ಟೆ ಮತ್ತೆ ಮಾಡು. ಬಿ ಬ್ಲಾಕಿನ 10 ಮನೆ ಮಾತ್ರ, ಅಂದ್ರೆ ದಿನಕ್ಕೆ ಆರು ಕೆಜಿ ಕಸ, ಎರಡು ಕೆಜಿ ತರಗೆಲೆ. ಇಷ್ಟು ಕಮ್ಮಿ ಹಾಕಿದ್ರೆ ಬಿನ್ ಬೇಗ ಬಿಸಿ ಆಗುವುದಿಲ್ಲ, ಅದಕ್ಕೆ ಶುರುವಲ್ಲೇ ಒಂದು ವಾರ ಎಲ್ಲ 40 ಮನೆಯ ಕಸ ಹಾಕಿ ಬಿಸಿ ಬರಿಸಿ ಆಮೇಲೆ 10 ಮನೆಗೆ ಇಳಿಸುವ, ಆ ವಾರದ ಮಟ್ಟಿಗೆ ಎಲ್ಲರೂ ಬಕೆಟ್ ಬೇರೆ ಇಡ್ಬೇಕು. ಬಿ ಬ್ಲಾಕಿನ 10 ಮನೆಯವರನ್ನು ನಾನು ಮಾತಾಡಿಸಿ ಆಯ್ತು, ಎಂಟು ಮನೆಯವರು ಒಪ್ಪಿದ್ದಾರೆ, ಒಬ್ಬರು ಗಲ್ಫಿನಲ್ಲಿದ್ದಾರೆ, ಇನ್ನೊಂದು ಮನೆಯ ಮಾಮಿ ಮೀನಿನ ಕಸದ ಜೊತೆ ನನ್ನ ದೇವರ ಹೂ ಹಾಕ್ಲಿಕ್ಕೆ ಆಗ್ಲಿಕ್ಕಿಲ್ಲ ಅಂದ್ರು, ಅವರ ಹೂವಿಗೆ ಟೆರೇಸಿನಲ್ಲಿ ಬೇರೆ ಚಟ್ಟಿ ಇಡುವ ಅಂತ ಮಾತಾಯ್ತು. ಸರಳು ನನ್ನ ಹತ್ರ ಉಂಟು. ಖಾಲಿ ಗೋಣಿ ಇದ್ದವರು ಸೆಕ್ಯುರಿಟಿ ರೂಮಲ್ಲಿ ಕೊಟ್ಟಿಡಿ, ಹರಿದದ್ದಾದ್ರೂ ಆಗ್ತದೆ.

ಇಂತಿ,
ಬಿ ಬ್ಲಾಕಿನ ನಿಮ್ಮ ನೆರೆಯವ
ಕಾಸರಗೋಡು